ಲೆಡ್ಜರಿನಲ್ಲಿ ಹುಟ್ಟಿದ ಹಣ ಯಾರ ಮನೆಗೆ ಹೋಯಿತು?

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆ ಶಿಬಿರದಲ್ಲಿ ಒಬ್ಬ ಹಿರಿಯರು ಕೇಳಿದರು: “ಅಲ್ಲಪ್ಪಾ, ಬೇರೆ ದೇಶಗಳಲ್ಲಿ ಬ್ಯಾಂಕು ಮುಳುಗಿದಾಗ ಸರ್ಕಾರದವರು ನೋಟು ಮುದ್ರಿಸಿ ಕೊಟ್ಟರಂತೆ. ಹಂಗಾದ್ರೆ ನಮ್ಮ ಸಾಲಾನೂ ಹಂಗೇ ತೀರಿಸಬಹುದಲ್ಲ?” ಪ್ರಶ್ನೆ ಸರಿಯಾದದ್ದೇ. ಉತ್ತರ ಬೇಕಾದರೆ ಆ ಹಣ ಹುಟ್ಟುವ ರೀತಿ ತಿಳಿಯಬೇಕು. ಇಂಗ್ಲೆಂಡಿನ ಕತೆಯನ್ನೇ ಹೇಳುತ್ತೇನೆ.

2008ರಲ್ಲಿ ಅಲ್ಲಿಯ ಬ್ಯಾಂಕುಗಳು ಕುಸಿದವು. ವ್ಯಾಪಾರ ನಿಂತಿತು, ಜನ ಕೆಲಸ ಕಳೆದುಕೊಂಡರು. ಅವರ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಇಳಿಸುತ್ತಾ ಬಂತು. ಶೇಕಡಾ 5 ಇದ್ದದ್ದು 2009ರ ಮಾರ್ಚಿಗೆ ಶೇಕಡಾ ಅರ್ಧಕ್ಕೆ ಬಂತು. ಇನ್ನು ಇಳಿಸಲು ಜಾಗವೇ ಇರಲಿಲ್ಲ. ಆಗ ಹಿಡಿದ ದಾರಿಯ ಹೆಸರು ‘ಕ್ವಾಂಟಿಟೇಟಿವ್ ಈಸಿಂಗ್’. ಅಂದರೆ ಹಣದ ಮೊತ್ತವನ್ನೇ ಹೆಚ್ಚಿಸಿ ಬಿಗಿ ಸಡಿಲಿಸುವುದು.

ನಡೆದದ್ದು ಹೀಗೆ. ಒಂದು ಪಿಂಚಣಿ ನಿಧಿಯ ಬಳಿ ಸರ್ಕಾರದ ಸಾಲಪತ್ರ ಇದೆ ಅನ್ನಿ. ಅದನ್ನು ಅಲ್ಲಿ ‘ಗಿಲ್ಟ್’ ಅಂತಾರೆ. ಕೇಂದ್ರ ಬ್ಯಾಂಕು ಆ ಪತ್ರ ಕೊಂಡುಕೊಳ್ಳುತ್ತದೆ. ನೋಟಿನ ಕಂತೆ ಕೊಡುವುದಿಲ್ಲ. ನಿಧಿಯ ಖಾತೆ ಇರುವ ಬ್ಯಾಂಕಿನ ಹೆಸರಿಗೆ ತನ್ನ ಲೆಡ್ಜರಿನಲ್ಲಿ ಒಂದು ಮೊತ್ತ ಬರೆಯುತ್ತದೆ. ಆ ಬ್ಯಾಂಕು ಅಷ್ಟೇ ಮೊತ್ತವನ್ನು ನಿಧಿಯ ಖಾತೆಗೆ ಜಮಾ ಮಾಡುತ್ತದೆ. ಹಿಂದೆ ಇಲ್ಲದ ಹಣ ಈಗ ಹುಟ್ಟಿತು. ಮೊದಲು 7,500 ಕೋಟಿ ಪೌಂಡ್ ಅಂದರು. 2012ಕ್ಕೆ ಅದು 37,500 ಕೋಟಿ ಆಯಿತು. ಕೋವಿಡ್ ಬಂದ ಮೇಲೆ 89,500 ಕೋಟಿಗೆ ಏರಿತು.

ಗಮನಿಸಿ, ಇದು ದಾನವಲ್ಲ, ವಿನಿಮಯ. ಪತ್ರ ಕೊಟ್ಟವನಿಗೆ ಮಾತ್ರ ಹಣ. ಪತ್ರ ಇಲ್ಲದವನ ಕೈಗೆ ನೇರವಾಗಿ ಏನೂ ಬರುವುದಿಲ್ಲ.

ಹಾಗಾದರೆ ಉಪಯೋಗ ಏನು? ಒಂದು ಸರಳ ಲೆಕ್ಕ. 100 ಪೌಂಡಿನ ಪತ್ರ ವರ್ಷಕ್ಕೆ 5 ಪೌಂಡ್ ಬಡ್ಡಿ ಕೊಡುತ್ತದೆ. ದೊಡ್ಡ ಗಿರಾಕಿ ಬಂದು ಕೊಳ್ಳುತ್ತಾ ಹೋದರೆ ಅದರ ಬೆಲೆ ಏರುತ್ತದೆ, ಸಂತೆಯಲ್ಲಿ ಎತ್ತಿಗೆ ಆಗುವ ಹಾಗೆ. 125ಕ್ಕೆ ಏರಿತು ಅನ್ನಿ. ಬಡ್ಡಿ ಅದೇ 5. ಈಗ ಕೊಂಡವನಿಗೆ ಸಿಗುವುದು ನೂರಕ್ಕೆ 4 ಮಾತ್ರ. ಹೀಗೆ ದೀರ್ಘಾವಧಿ ಸಾಲದ ಬಡ್ಡಿಯೆಲ್ಲ ಇಳಿಯುತ್ತದೆ. ಪತ್ರ ಮಾರಿದವನು ಆ ಹಣದಲ್ಲಿ ಕಂಪನಿಗಳ ಷೇರು ಕೊಳ್ಳುತ್ತಾನೆ. ಕಂಪನಿಗಳಿಗೆ ಬಂಡವಾಳ ಸುಲಭವಾಗುತ್ತದೆ. ಮೊದಲ ಸುತ್ತಿನಲ್ಲಿ ಸರ್ಕಾರಿ ಪತ್ರಗಳ ಬಡ್ಡಿ ಸುಮಾರು ಶೇಕಡಾ 1ರಷ್ಟು ಇಳಿಯಿತೆಂದು ಆ ಬ್ಯಾಂಕಿನ ಲೆಕ್ಕವೇ ಹೇಳಿತು. ಇದಿಲ್ಲದಿದ್ದರೆ ಇನ್ನೂ ಹೆಚ್ಚು ಜನ ಕೆಲಸ ಕಳೆದುಕೊಳ್ಳುತ್ತಿದ್ದರು ಎನ್ನುವುದು ಅವರ ವಾದ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಆದರೆ ಎರಡು ಕಡೆ ಇದು ಎಡವಿತು. ಒಂದು, ಬ್ಯಾಂಕುಗಳ ಲೆಡ್ಜರಿನಲ್ಲಿ ಹಣ ತುಂಬಿದರೂ ಸಣ್ಣ ಉದ್ದಿಮೆಗಳಿಗೆ ಸಾಲ ಹೋಗಲಿಲ್ಲ. ಕಾಲುವೆಯಲ್ಲಿ ನೀರಿದೆ, ಕೊನೇ ಗದ್ದೆಗೆ ಬರಲಿಲ್ಲ. ಅದಕ್ಕೇ 2012ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳಿಗೆ ಅಗ್ಗದ ಹಣ ಕೊಡುವ ಬೇರೊಂದು ಯೋಜನೆಯನ್ನೇ ತರಬೇಕಾಯಿತು. ಎರಡು, ಷೇರು, ಪತ್ರಗಳ ಬೆಲೆ ಏರಿದ್ದರಿಂದ ಲಾಭ ಅವು ಇದ್ದವನಿಗೆ. ಪಿಂಚಣಿ ನಿಧಿ ಬಿಟ್ಟರೆ ಇಂಥ ಆಸ್ತಿಯಲ್ಲಿ ಶೇಕಡಾ 40 ಇರುವುದು ಮೇಲಿನ ಶೇಕಡಾ 5 ಮನೆಗಳಲ್ಲಿ ಎಂದು 2012ರಲ್ಲಿ ಆ ಬ್ಯಾಂಕೇ ಬರೆಯಿತು.

ಇನ್ನು ಕೊನೆಯ ಲೆಕ್ಕ. ಲೆಡ್ಜರಿನಲ್ಲಿ ಬರೆದ ಮೊತ್ತಕ್ಕೆ ಕೇಂದ್ರ ಬ್ಯಾಂಕು ಇತರ ಬ್ಯಾಂಕುಗಳಿಗೆ ಬಡ್ಡಿ ಕೊಡಬೇಕು. ಬಡ್ಡಿ ಕಡಿಮೆ ಇದ್ದ ವರ್ಷಗಳಲ್ಲಿ ಪತ್ರಗಳಿಂದ ಲಾಭ ಬಂತು. 12,000 ಕೋಟಿ ಪೌಂಡಿಗೂ ಹೆಚ್ಚು ಸರ್ಕಾರದ ಖಜಾನೆಗೆ ಹೋಯಿತು. 2022ರಲ್ಲಿ ಬೆಲೆ ಏರಿಕೆ ಶೇಕಡಾ 11 ದಾಟಿತು. ಯುದ್ಧದಿಂದ ಇಂಧನ ತುಟ್ಟಿಯಾದದ್ದು ಅದಕ್ಕೆ ದೊಡ್ಡ ಕಾರಣ. ಅದನ್ನು ತಡೆಯಲು ಬಡ್ಡಿ ಏರಿಸುತ್ತಾ ಹೋದರು, 2023ಕ್ಕೆ ಅದು ಐದೂಕಾಲು ಆಯಿತು. ಹಳೇ ಪತ್ರಗಳಿಂದ ಬರುವ ಬಡ್ಡಿ ಕಡಿಮೆ, ಕೊಡಬೇಕಾದ ಬಡ್ಡಿ ಹೆಚ್ಚು. ನಷ್ಟ ಶುರುವಾಯಿತು. ಮೊದಲೇ ಬರೆದುಕೊಟ್ಟಿದ್ದ ಖಾತರಿಯಂತೆ ಖಜಾನೆ, ಅಂದರೆ ತೆರಿಗೆ ಕಟ್ಟುವ ಜನ, ಅದನ್ನು ತುಂಬಬೇಕಾಯಿತು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅಲ್ಲಿ ಯಾರ ಸಾಲವೂ ಮನ್ನಾ ಆಗಲಿಲ್ಲ. ಸರ್ಕಾರದ ಸಾಲಪತ್ರ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಹೋಯಿತು, ಅಷ್ಟೆ. ರೈತನ ಸಾಲ ತೀರಿಸುವುದು ಬಜೆಟ್ಟಿನ ಮಾತು. ಅದನ್ನು ಶಾಸನಸಭೆಯಲ್ಲಿ ಕೇಳಬೇಕು. ಆದರೆ ಯಾರಾದರೂ “ಹಣ ಎಲ್ಲಿಂದ ತರೋಣ” ಅಂದಾಗ ಇದನ್ನು ನೆನಪಿಡಿ: ಲೆಡ್ಜರಿನಲ್ಲಿ ಹಣ ಬರೆಯಬಹುದು. ಮೊದಲು ಯಾರ ಹೆಸರಿಗೆ ಬರೆಯುತ್ತಾರೆ, ನಷ್ಟ ಬಂದರೆ ಯಾರು ಕಟ್ಟುತ್ತಾರೆ, ಈ ಎರಡನ್ನೂ ಕೇಳದೆ ಬಿಡಬೇಡಿ.