ಗುರುವಾರ ಸಂಜೆ ಹಾಕಿದ ದುಡ್ಡು ಯಾವಾಗ ಮುಟ್ಟುತ್ತದೆ?

(ರಿಯಾದ್‌ನ ಒಲಾಯಾದಲ್ಲಿ ನಡೆದ ಸದಸ್ಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಭಾಷಣ ಮಾಡುವವನಲ್ಲ, ಲೆಕ್ಕ ಬರೆಯುವವನು. ಆದರೆ ತಿಂಗಳ ಕೊನೆಗೆ ನನ್ನ ಫೋನಿಗೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ. "ನಾನೂ ಅವನೂ ಒಂದೇ ದಿನ ದುಡ್ಡು ಹಾಕಿದ್ದು. ಅವನ ಮನೆಗೆ ಐದು ನಿಮಿಷದಲ್ಲಿ ಹೋಯಿತು, ನನ್ನದು ಸೋಮವಾರ ಕಳೆದರೂ ಇಲ್ಲ. ಎಂತ ಕಥೆ ಇದು?" ಇವತ್ತು ಅದೊಂದಕ್ಕೆ ಸರಿಯಾಗಿ ಉತ್ತರ ಕೊಡುತ್ತೇನೆ.

ಮೊದಲು ಊರಿನ ಒಂದು ಚಿತ್ರ ನೆನಪು ಮಾಡಿಕೊಳ್ಳಿ. ನೀವು ಬಿ.ಸಿ. ರೋಡಿನಲ್ಲಿ ನಿಂತಿದ್ದೀರಿ, ಮಂಗಳೂರಿಗೆ ಹೋಗಬೇಕು. ರಿಕ್ಷಾ ಹಿಡಿದರೆ ಹತ್ತಿದ ಕೂಡಲೇ ಹೊರಡುತ್ತದೆ. ಬಸ್ಸಾದರೆ ಅದರ ಟೈಮಿಗೆ ಹೊರಡುತ್ತದೆ, ನೀವು ಐದು ನಿಮಿಷ ಮುಂಚೆ ಬಂದರೂ ಅಷ್ಟೇ, ಇಪ್ಪತ್ತೈದು ನಿಮಿಷ ಮುಂಚೆ ಬಂದರೂ ಅಷ್ಟೇ. ಇನ್ನು ಲಾರಿಯಲ್ಲಿ ಪಾರ್ಸೆಲ್ ಹಾಕಿದರೆ ಇವತ್ತಿನದ್ದೆಲ್ಲ ಒಟ್ಟು ಮಾಡಿ ನಾಳೆ ಬೆಳಿಗ್ಗೆ ಕಳಿಸುತ್ತಾರೆ. ಬ್ಯಾಂಕಿನ ದುಡ್ಡೂ ಹೀಗೇ ಹೋಗುವುದು. ಕೆಲವು ದಾರಿ ರಿಕ್ಷಾ, ಕೆಲವು ಬಸ್ಸು, ಕೆಲವು ಲಾರಿ.

ಇಲ್ಲಿಂದ ನಮ್ಮ ಮನೆಗೆ ದುಡ್ಡು ಹೋಗುವಾಗ ಮೂರು ದಾರಿ ದಾಟಬೇಕು. ಸೌದಿಯ ಒಳಗೆ ಒಂದು, ಸಮುದ್ರ ದಾಟುವುದು ಒಂದು, ಊರಿನಲ್ಲಿ ಇಳಿದ ಮೇಲೆ ಒಂದು. ಮೂರರಲ್ಲಿ ಎರಡು ರಿಕ್ಷಾ ಆಗಿ ಒಂದು ಲಾರಿ ಆದರೆ, ನಿಮ್ಮ ದುಡ್ಡು ಲಾರಿಯ ಹೊತ್ತಿಗೇ ಮುಟ್ಟುವುದು.

ಮೊದಲ ದಾರಿ, ಸೌದಿ. ಇಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಹೋಗುವ ಹಳೆಯ ವ್ಯವಸ್ಥೆ 'ಸಾರಿ', 1997ರಲ್ಲಿ ಶುರುವಾದದ್ದು. ಅದು ಕೆಲಸದ ದಿನಗಳಲ್ಲಿ, ಕೆಲಸದ ಹೊತ್ತಿನಲ್ಲಿ ನಡೆಯುವಂಥದ್ದು. ಶುಕ್ರವಾರ, ಶನಿವಾರ ರಜೆ. 2021ರ ಫೆಬ್ರವರಿಯಲ್ಲಿ ಅದೇ ಹೆಸರಿನಲ್ಲಿ ತಕ್ಷಣದ ವ್ಯವಸ್ಥೆ ಬಂತು. ಅದರಲ್ಲಿ ಒಂದು ಸಲಕ್ಕೆ 20,000 ರಿಯಾಲ್‌ವರೆಗೆ ರಾತ್ರಿ ಎರಡು ಗಂಟೆಗಾದರೂ, ಜುಮಾ ದಿನವಾದರೂ ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ಆದ್ದರಿಂದ ನೀವು ಗೆಳೆಯನಿಗೆ ಆ್ಯಪಿನಲ್ಲಿ ಹಾಕುವ ದುಡ್ಡಿಗೆ ಈಗ ರಜೆ ಎಂಬುದಿಲ್ಲ.

ಆದರೆ ಸಂಬಳ ಹಾಗಲ್ಲ. ಕಂಪನಿಯ ಸಂಬಳ ಎಲ್ಲರದ್ದೂ ಸೇರಿಸಿ ಒಂದು ಫೈಲ್ ಮಾಡಿ ಬ್ಯಾಂಕಿಗೆ ಹಾಕುತ್ತಾರೆ. ಅದು ನನ್ನದೇ ಕೆಲಸ, ಹಾಗಾಗಿ ಗೊತ್ತು. ಫೈಲ್ ತೆಗೆದುಕೊಳ್ಳಲು ಬ್ಯಾಂಕಿಗೆ ಒಂದು ಕೊನೆಯ ಹೊತ್ತು ಇರುತ್ತದೆ. ಗುರುವಾರ ಮ್ಯಾನೇಜರ್ ಸಹಿ ತಡವಾಗಿ ಆ ಹೊತ್ತು ತಪ್ಪಿತೆಂದರೆ, ಫೈಲ್ ಭಾನುವಾರಕ್ಕೆ ಬೀಳುತ್ತದೆ. "ಸಂಬಳ ಹಾಕಿ ಆಗಿದೆ" ಎಂದು ಆಫೀಸಿನವರು ಹೇಳಿದ್ದು ಸುಳ್ಳಲ್ಲ, ನಿಮ್ಮ ಖಾತೆಯಲ್ಲಿ ಕಾಣದಿರುವುದೂ ಸುಳ್ಳಲ್ಲ. ಲಾರಿಗೆ ಲೋಡ್ ಆಗಿದೆ, ಲಾರಿ ಹೊರಟಿಲ್ಲ, ಅಷ್ಟೇ.

ಎರಡನೇ ದಾರಿ, ಸಮುದ್ರ ದಾಟುವುದು. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇಲ್ಲಿ ಉಂಟು. ನಿಮ್ಮ ರಿಯಾಲ್ ಐದು ನಿಮಿಷದಲ್ಲಿ ಭಾರತಕ್ಕೆ ಹೋಗುವುದೇ ಇಲ್ಲ. ಹೋಗುವುದು ಸುದ್ದಿ ಮಾತ್ರ. ದುಡ್ಡು ಕಳಿಸುವ ಸಂಸ್ಥೆ ಊರಿನ ಯಾವುದಾದರೂ ಬ್ಯಾಂಕಿನಲ್ಲಿ ಮೊದಲೇ ರೂಪಾಯಿ ತುಂಬಿಸಿ ಇಟ್ಟಿರುತ್ತದೆ. ಇಲ್ಲಿಂದ ಸುದ್ದಿ ಹೋದ ಕೂಡಲೇ ಅಲ್ಲಿನ ಬ್ಯಾಂಕು ಆ ಗಂಟಿನಿಂದ ತೆಗೆದು ನಿಮ್ಮ ಮನೆಯವರ ಖಾತೆಗೆ ಹಾಕುತ್ತದೆ. ಸಂಸ್ಥೆ ತನ್ನ ಗಂಟನ್ನು ಆಮೇಲೆ ಪುನಃ ತುಂಬಿಸುತ್ತದೆ. "ತಕ್ಷಣ" ಎಂಬುದರ ಗುಟ್ಟು ಇದು.

ಈ ಏರ್ಪಾಡು ಇಲ್ಲದ ದಾರಿಯಲ್ಲಿ, ಅಂದರೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸ್ವಿಫ್ಟ್ ಮೂಲಕ ಹೋಗುವಾಗ, ಎರಡೂ ಕಡೆಯ ಬ್ಯಾಂಕು ತೆರೆದಿರಬೇಕು. ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾರತದಲ್ಲಿ ರೂಪಾಯಿ ಮತ್ತು ವಿದೇಶಿ ಹಣದ ಮಾರುಕಟ್ಟೆಗೆ ಶನಿವಾರ ಮತ್ತು ಭಾನುವಾರ ರಜೆ. ಬೆರಳು ಮಡಚಿ ಲೆಕ್ಕ ಹಾಕಿ: ಎರಡೂ ಕಡೆ ಕೆಲಸ ನಡೆಯುವುದು ಸೋಮವಾರದಿಂದ ಗುರುವಾರದವರೆಗೆ, ವಾರಕ್ಕೆ ನಾಲ್ಕೇ ದಿನ. ಅದರ ಮೇಲೆ ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಮಧ್ಯಾಹ್ನ ಮೂರು ಗಂಟೆ ಎಂದರೆ ಅಲ್ಲಿ ಸಂಜೆ ಐದೂವರೆ.

ಮೂರನೇ ದಾರಿ, ಊರಿನೊಳಗಿನದ್ದು. ಇಲ್ಲಿ ರಿಕ್ಷಾ ಎಂದರೆ ಐಎಂಪಿಎಸ್. 2010ರ ನವೆಂಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ, ರಜೆ ಇಲ್ಲದೆ ನಡೆಯುತ್ತದೆ. ಈಗ ಇದರ ಮಿತಿ 5 ಲಕ್ಷ ರೂಪಾಯಿ, ಆದರೆ ಕೆಲವು ಬ್ಯಾಂಕುಗಳು ತಮ್ಮ ಮಟ್ಟಿಗೆ ಅದಕ್ಕಿಂತ ಕಡಿಮೆ ಇಟ್ಟಿರುತ್ತವೆ.

ಬಸ್ಸು ಎಂದರೆ ಎನ್‌ಇಎಫ್‌ಟಿ. 2005ರಲ್ಲಿ ಬಂದದ್ದು. ಮೊದಲೆಲ್ಲ ಸಂಜೆ ಏಳರ ನಂತರ, ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಇದು ಇರಲಿಲ್ಲ. ಹಿರಿಯರು ಈಗಲೂ "ಎನ್‌ಇಎಫ್‌ಟಿ ಎಂದರೆ ನಾಳೆ" ಎನ್ನುವುದು ಆ ಕಾಲದ ನೆನಪಿನಿಂದ. 2019ರ ಡಿಸೆಂಬರ್ 16ರಿಂದ ಅದೂ ಇಪ್ಪತ್ನಾಲ್ಕು ಗಂಟೆ ನಡೆಯುತ್ತಿದೆ. ಅರ್ಧ ಗಂಟೆಗೊಂದು ಬಸ್ಸು, ದಿನಕ್ಕೆ 48. ಬಸ್ಸು ಮುಟ್ಟಿದ ಎರಡು ಗಂಟೆಯೊಳಗೆ ಊರಿನ ಬ್ಯಾಂಕು ದುಡ್ಡನ್ನು ಖಾತೆಗೆ ಹಾಕಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಇವತ್ತಿನ ಎನ್‌ಇಎಫ್‌ಟಿ ಎರಡೂವರೆ ಗಂಟೆಯ ಮಾತು, ಎರಡು ದಿನದ್ದಲ್ಲ.

ಈಗ ಒಂದು ಲೆಕ್ಕ ಬಿಡಿಸೋಣ. ಒಬ್ಬ ಸಹೋದರನಿಗೆ ಊರಿನಲ್ಲಿ ಮನೆ ಸಾಲ ಉಂಟು, ಕಂತು 5ನೇ ತಾರೀಕು. ಈ ಸಲ 5 ಬಂದದ್ದು ಭಾನುವಾರ. "ಭಾನುವಾರ ಬ್ಯಾಂಕ್ ಇಲ್ಲ, ಸೋಮವಾರ ಕತ್ತರಿಸುತ್ತಾರೆ" ಎಂದು ಅವನ ಲೆಕ್ಕ. ಅಲ್ಲೇ ಮೊದಲ ತಪ್ಪು. ಕಂತು ತಾನಾಗಿ ಕತ್ತರಿಸುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ರಜಾದಿನವೂ ನಡೆಯುತ್ತದೆ. ಹಾಗಾಗಿ ದುಡ್ಡು ಶನಿವಾರ ರಾತ್ರಿಯೇ ಖಾತೆಯಲ್ಲಿ ಇರಬೇಕು.

ಗುರುವಾರ 2ನೇ ತಾರೀಕು, ಸಂಜೆ ಆರು ಗಂಟೆಗೆ ಅವನು 1,500 ರಿಯಾಲ್ ಕಳಿಸಿದ. ಆಗ ಊರಿನಲ್ಲಿ ರಾತ್ರಿ ಎಂಟೂವರೆ. ಗಂಟು ಮೊದಲೇ ಇಟ್ಟಿರುವ ಸಂಸ್ಥೆಯಿಂದ, ಕೊನೆಯ ದಾರಿ ಐಎಂಪಿಎಸ್ ಆಗಿ ಹೋದರೆ, ಅವನು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮನೆಯಿಂದ ಫೋನ್ ಬರುತ್ತದೆ. ಕೊನೆಯ ದಾರಿ ಎನ್‌ಇಎಫ್‌ಟಿ ಆದರೆ ಅದೇ ರಾತ್ರಿ ಹನ್ನೊಂದರ ಆಸುಪಾಸು. ಎರಡೂ ಸರಿ, ಕಂತಿಗೆ ತೊಂದರೆ ಇಲ್ಲ.

ಸ್ವಿಫ್ಟ್ ದಾರಿ ಆದರೆ? ಗುರುವಾರದ ಹೊತ್ತು ಮುಗಿದಿದೆ. ಶುಕ್ರವಾರ ಇಲ್ಲಿ ಬಾಗಿಲು, ಶನಿವಾರ ಎರಡೂ ಕಡೆ, ಭಾನುವಾರ ಅಲ್ಲಿ. ದುಡ್ಡು ಮುಟ್ಟುವುದು ಸೋಮವಾರ, ತಡವಾದರೆ ಮಂಗಳವಾರ. ಅಷ್ಟರಲ್ಲಿ ಕಂತು ಬೌನ್ಸ್ ಆಗಿ ದಂಡ ಬಿದ್ದಿರುತ್ತದೆ. ಅದೇ 1,500 ರಿಯಾಲ್, ಅದೇ ಸಂಜೆ, ಅದೇ ಖಾತೆ. ವ್ಯತ್ಯಾಸ ದಾರಿಯದ್ದು ಮಾತ್ರ. ಆದ್ದರಿಂದ ರೇಟು ಕೇಳುವ ಜೊತೆಗೆ "ಕೊನೆಗೆ ಹೋಗುವುದು ಯಾವುದರಲ್ಲಿ? ಇವತ್ತೇ ಖಾತೆಗೆ ಬೀಳುತ್ತದಾ?" ಎಂದೂ ಕೇಳಬೇಕು. ಎರಡು ಪೈಸೆ ಹೆಚ್ಚಿನ ರೇಟು ಸಿಕ್ಕಿ ಕಂತು ಬೌನ್ಸ್ ಆದರೆ ಲಾಭ ಯಾರಿಗೆ?

ದುಡ್ಡು ಬರಲಿಲ್ಲ ಎಂದಾದರೆ ಹುಡುಕುವುದು ಹೇಗೆ? ನಮ್ಮ ಉಮ್ಮಂದಿರು ನಾವು ವಾಟ್ಸಾಪಿನಲ್ಲಿ ಕಳಿಸಿದ ರಸೀದಿ ಹಿಡಿದು ಬ್ರಾಂಚಿಗೆ ಹೋಗುತ್ತಾರೆ. ಅಲ್ಲಿನವರು "ಈ ನಂಬರ್ ನಮ್ಮಲ್ಲಿ ಇಲ್ಲ" ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಮಾಡಬೇಡಿ. ಆ ನಂಬರ್ ಇಲ್ಲಿನ ಸಂಸ್ಥೆಯದ್ದು, ಊರಿನ ಬ್ಯಾಂಕಿಗೆ ಅದು ಕಾಣುವುದಿಲ್ಲ. ಇಲ್ಲಿನ ಸಂಸ್ಥೆಯ ಹತ್ತಿರ ಊರಿನ ದಾರಿಯ ನಂಬರ್ ಕೇಳಿ ಪಡೆಯಬೇಕು. ಐಎಂಪಿಎಸ್ ಆದರೆ 12 ಅಂಕಿ, ಎನ್‌ಇಎಫ್‌ಟಿ ಆದರೆ ಅಕ್ಷರ ಅಂಕಿ ಸೇರಿ 16. ಎಣಿಸಿದರೆ ಸಾಕು, ದುಡ್ಡು ರಿಕ್ಷಾದಲ್ಲಿ ಹೋಯಿತೋ ಬಸ್ಸಿನಲ್ಲೋ ಎಂದು ಗೊತ್ತಾಗುತ್ತದೆ. ಆ ನಂಬರೇ ಇನ್ನೂ ಹುಟ್ಟಿಲ್ಲ ಎಂದರೆ ದುಡ್ಡು ಊರಿನ ದಾರಿಗೆ ಇಳಿದೇ ಇಲ್ಲ. ಆಗ ಉಮ್ಮನನ್ನು ಬ್ರಾಂಚಿಗೆ ಓಡಿಸಿ ಪ್ರಯೋಜನ ಇಲ್ಲ, ನಾವೇ ಇಲ್ಲಿ ವಿಚಾರಿಸಬೇಕು.

ನಾನೇ ಎಡವಿದ ಒಂದು ಕಥೆ ಹೇಳುತ್ತೇನೆ. 2021ರಲ್ಲಿ ಉಮ್ಮನಿಗೆ ಆಸ್ಪತ್ರೆ ಖರ್ಚಿಗೆ ದುಡ್ಡು ಹಾಕಿದೆ. ಅವರ ಬ್ಯಾಂಕು ಬೇರೆ ಬ್ಯಾಂಕಿನೊಂದಿಗೆ ಸೇರಿತ್ತು, ನನ್ನ ಪಟ್ಟಿಯಲ್ಲಿ ಹಳೆಯ ಐಎಫ್‌ಎಸ್‌ಸಿ ಕೋಡೇ ಇತ್ತು. ಬದಲಿಸುವುದು ನನ್ನ ಕೆಲಸ, ನಾನು ಬದಲಿಸಿರಲಿಲ್ಲ. ಲೆಕ್ಕ ಬರೆಯುವವನೇ ಹೀಗೆ ಮಾಡಿದೆ! ದುಡ್ಡು ಹೋಗಿ, ನಿಂತು, ನಾಲ್ಕನೇ ದಿನ ವಾಪಸ್ ಬಂತು. ಆಸ್ಪತ್ರೆಗೆ ಭಾವ ಕೈಯಿಂದ ಕಟ್ಟಿದರು. ಆಗ ನನಗೆ ಅರ್ಥವಾದದ್ದು: ಹೋಗುವಾಗ ಸುದ್ದಿಯ ವೇಗ, ವಾಪಸ್ ಬರುವಾಗ ನಿಜವಾದ ದುಡ್ಡಿನ ವೇಗ.

ನಮ್ಮ ಕರಾವಳಿಯವರಿಗೆ ಇದು ಮುಖ್ಯ, ಯಾಕೆಂದರೆ ನಮ್ಮ ಹಳೆಯ ಮೂರು ಬ್ಯಾಂಕುಗಳು ಈಗ ಆ ಹೆಸರಿನಲ್ಲಿ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾ ಬ್ಯಾಂಕಿಗೆ ಸೇರಿದವು. ನಿಮ್ಮ ಪಟ್ಟಿಯಲ್ಲಿ `VIJB`, `CORP` ಅಥವಾ `SYNB` ಎಂದು ಶುರುವಾಗುವ ಕೋಡ್ ಇದ್ದರೆ ಇವತ್ತೇ ಅಳಿಸಿ, ಮನೆಯವರಿಂದ ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ತರಿಸಿ ಪುನಃ ಸೇರಿಸಿ.

ಕೊನೆಯ ಮಾತು ಖಾತೆ ನಂಬರಿನದ್ದು. ಈ ದಾರಿಗಳಲ್ಲಿ ದುಡ್ಡು ಬೀಳುವುದು ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿ ಅದು ಬೇರೆಯವರ ನಿಜವಾದ ಖಾತೆ ಆಗಿದ್ದರೆ, ಲಾರಿಯಾದರೆ ನಿಲ್ಲಿಸಲು ಸ್ವಲ್ಪವಾದರೂ ಹೊತ್ತು ಇರುತ್ತಿತ್ತು. ರಿಕ್ಷಾ ಹೋಗಿ ಆಗಿದೆ. ಆ ಮನುಷ್ಯ ಒಪ್ಪದೆ ಬ್ಯಾಂಕು ಅದನ್ನು ಸುಮ್ಮನೆ ತೆಗೆದುಕೊಡಲು ಆಗುವುದಿಲ್ಲ. ಹಾಗಾಗಿ ಹೊಸ ಖಾತೆಗೆ ಮೊದಲ ಸಲ ಸಣ್ಣ ಮೊತ್ತ ಹಾಕಿ, ಮನೆಯವರು "ಬಂತು" ಎಂದ ಮೇಲೆ ಉಳಿದದ್ದು ಹಾಕಿ. ಎರಡು ಸಲ ಕಮಿಷನ್ ಹೋಗುತ್ತದೆ, ಹೌದು. ಒಂದು ತಿಂಗಳ ಸಂಬಳ ಹೋಗುವುದಿಲ್ಲ.

ಯಾರದ್ದಾದರೂ ರಸೀದಿ ಇದ್ದರೆ ತೆಗೆಯಿರಿ, ಅದು ಯಾವ ದಾರಿಯಲ್ಲಿ ಹೋಗಿದೆ ಎಂದು ಈಗಲೇ ನೋಡೋಣ.