ನಮ್ಮ ಗಡಿಯಿಂದಲೇ ಐದು ಪ್ರಶ್ನೆ: ಹಳೆಯದಾಗದ ಜಿಕೆ ಅಭ್ಯಾಸ

ಕಾಸರಗೋಡು, ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರಾ ಕಡೆಯಿಂದ ಬಂದಿದ್ದೀರಿ. ಒಬ್ಬೊಬ್ಬರು ಬರೆಯೋ ಪರೀಕ್ಷೆ ಬೇರೆ ಬೇರೆ. ಆದರೆ ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ರಾಜ್ಯ ಪುನರ್ವಿಂಗಡಣೆ ಮತ್ತು ಸಂವಿಧಾನದ ಭಾಷಾ ವಿಧಿಗಳು ಎಲ್ಲ ಕಡೆಯೂ ಕೇಳೋ ವಿಷಯ. ನಮ್ಮೂರು ಆ ರಾಜ್ಯಕ್ಕೆ ಯಾಕೆ ಸೇರಿತು, ನಮ್ಮ ಮಕ್ಕಳ ಕನ್ನಡ ಶಾಲೆಗೆ ಕಾನೂನಿನ ಆಧಾರ ಯಾವುದು ಅನ್ನೋದಕ್ಕೂ ಉತ್ತರ ಅಲ್ಲೇ ಇದೆ. ಹಾಗಾಗಿ ಇವತ್ತು ನಾವು ಬರೀ ಐದು ಪ್ರಶ್ನೆ ಮಾಡೋಣ, ಆದರೆ ಪೂರ್ತಿಯಾಗಿ ಮಾಡೋಣ.

ಮೊದಲು ಒಂದು ವಿಂಗಡಣೆ. ಜಿಕೆ ಸಂಗತಿಗಳಲ್ಲಿ ಮೂರು ಬಗೆ ಇವೆ. ನಡೆದುಹೋದ ಘಟನೆ ಒಂದು ಬಗೆ; 1956 ಎಂದಿಗೂ 1956. ಕಾಯ್ದೆ ಅಥವಾ ಸಂವಿಧಾನ ತಿದ್ದಿದರೆ ಮಾತ್ರ ಬದಲಾಗೋದು ಎರಡನೆಯದು. ಯಾರು ಮಂತ್ರಿ, ಎಷ್ಟು ಜಿಲ್ಲೆ ಅನ್ನೋದು ಮೂರನೆಯದು, ಅದು ಪರೀಕ್ಷೆಯ ಹಿಂದಿನ ತಿಂಗಳು ಓದಬೇಕಾದ್ದು. ನೋಟ್‌ಬುಕ್ಕಿಗೆ ಮೊದಲ ಎರಡು ಸಾಕು. ಎರಡನೇ ಬಗೆಯದನ್ನು ಬರೆಯುವಾಗ ಪಕ್ಕದಲ್ಲಿ ವರ್ಷ ಹಾಕಿ. "ಎಂಟನೇ ಅನುಸೂಚಿಯಲ್ಲಿ 22 ಭಾಷೆ" ಅಂತ ಬರೆದರೆ ಅದು ಮುಂದೆ ಹಳೆಯದಾಗಬಹುದು. "1950ರಲ್ಲಿ 14, 2003ರ 92ನೇ ತಿದ್ದುಪಡಿಯಿಂದ 22" ಅಂತ ಬರೆದರೆ ಆ ಸಾಲು ಯಾವತ್ತೂ ಸುಳ್ಳಾಗೋದಿಲ್ಲ.

ಈಗ ಪ್ರಶ್ನೆಗೆ ಬರೋಣ. ಮೊದಲು ನೀವೇ ಉತ್ತರ ಗುರುತು ಹಾಕಿಕೊಳ್ಳಿ, ಆಮೇಲೆ ಮುಂದಕ್ಕೆ ಹೋಗೋಣ.

ಪ್ರಶ್ನೆ 1. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಯಾವ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು?
(ಅ) ಹೊಸಪೇಟೆ, ಸಿರುಗುಪ್ಪ, ಸಂಡೂರು
(ಆ) ಮಡಕಶಿರಾ, ಹಿಂದೂಪುರ, ಪೆನುಕೊಂಡ
(ಇ) ಆದೋನಿ, ಆಲೂರು, ರಾಯದುರ್ಗ
(ಈ) ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ

ಸರಿಯುತ್ತರ (ಇ). ಆವಾಗ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ತೆಲುಗು ಮಾತಾಡೋ ಜಿಲ್ಲೆಗಳನ್ನು ಬೇರೆ ಮಾಡಿ ಆಂಧ್ರ ರಾಜ್ಯ ಕಟ್ಟಿದಾಗ ಈ ಮೂರು ತಾಲ್ಲೂಕು ಅತ್ತ ಹೋದವು, ಉಳಿದ ಬಳ್ಳಾರಿ ಅದೇ ದಿನ ಮೈಸೂರಿಗೆ ಬಂತು. ಎಡವೋದು (ಆ)ದಲ್ಲಿ. ಮಡಕಶಿರಾದಲ್ಲಿ ಕನ್ನಡ ಇದೆ, ಅದು ಆಂಧ್ರದಲ್ಲೂ ಇದೆ, ಹಾಗಾಗಿ ಸರಿ ಅನ್ನಿಸುತ್ತದೆ. ಆದರೆ ಅದು ಆಗ ಅನಂತಪುರ ಜಿಲ್ಲೆಯ ತಾಲ್ಲೂಕು. ಪ್ರಶ್ನೆಯಲ್ಲಿ "ಬಳ್ಳಾರಿ ಜಿಲ್ಲೆಯ" ಅನ್ನೋ ಎರಡು ಪದ ಇವೆಯಲ್ಲ, ಅವನ್ನು ಬಿಟ್ಟು ಓದಿದವರು ಅಲ್ಲಿ ಬೀಳುತ್ತಾರೆ.

ಇನ್ನೊಂದು ಬಲೆ ಹೆಸರಿನದು. 1953ರದ್ದು "ಆಂಧ್ರ ರಾಜ್ಯ", ರಾಜಧಾನಿ ಕರ್ನೂಲು. ಹೈದರಾಬಾದ್ ರಾಜ್ಯದ ತೆಲಂಗಾಣ ಸೇರಿ "ಆಂಧ್ರಪ್ರದೇಶ" ಆದದ್ದು 1956ರ ನವೆಂಬರ್ 1. ಆಯ್ಕೆಗಳಲ್ಲಿ ಎರಡೂ ಹೆಸರು ಕಂಡರೆ ತಾರೀಖು ನೋಡಿ ಗುರುತು ಹಾಕಬೇಕು.

ಪ್ರಶ್ನೆ 2. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ತಾಲ್ಲೂಕು ಎಲ್ಲಿತ್ತು?
(ಅ) ತಿರುವಾಂಕೂರು-ಕೊಚ್ಚಿ ರಾಜ್ಯ
(ಆ) ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ
(ಇ) ಮದರಾಸು ರಾಜ್ಯದ ಮಲಬಾರ್ ಜಿಲ್ಲೆ
(ಈ) ಮೈಸೂರು ರಾಜ್ಯ

ಸರಿಯುತ್ತರ (ಆ). ಇಲ್ಲಿ ತಪ್ಪು ಆಯ್ಕೆಗಳನ್ನೇ ಹಿಡಿದು ಇಡೀ ಕೇರಳ ರಾಜ್ಯ ಹೇಗಾಯ್ತು ಅಂತ ಹೇಳಬಹುದು, ನೋಡಿ. (ಅ)ದಲ್ಲಿರೋ ತಿರುವಾಂಕೂರು-ಕೊಚ್ಚಿಯಿಂದ ದಕ್ಷಿಣದ ಕೆಲವು ತಮಿಳು ತಾಲ್ಲೂಕುಗಳು ಮದರಾಸಿಗೆ ಹೋದವು. ಉಳಿದದ್ದಕ್ಕೆ (ಇ)ಯಲ್ಲಿರೋ ಮಲಬಾರ್ ಮತ್ತು (ಆ)ದಲ್ಲಿದ್ದ ಕಾಸರಗೋಡು ಸೇರಿ ಕೇರಳ ಆಯ್ತು. ದಕ್ಷಿಣ ಕನ್ನಡದ ಉಳಿದ ಭಾಗ (ಈ)ಗೆ, ಅಂದರೆ ಮೈಸೂರಿಗೆ ಹೋಯ್ತು. ಒಂದು ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಸಿಕ್ಕವು. ಅಭ್ಯಾಸ ಅಂದ್ರೆ ಇದೇ: ತಪ್ಪು ಆಯ್ಕೆ ಯಾಕೆ ತಪ್ಪು, ಅದು ಯಾವ ಪ್ರಶ್ನೆಗೆ ಸರಿಯುತ್ತರ ಆಗುತ್ತದೆ ಅಂತ ಬರೆದುಕೊಳ್ಳೋದು.

ಪ್ರಶ್ನೆ 3. 1956ರ ನವೆಂಬರ್ 1ರಂದು ಸೊಲ್ಲಾಪುರ ಯಾವ ರಾಜ್ಯದಲ್ಲಿತ್ತು?
(ಅ) ಮಹಾರಾಷ್ಟ್ರ
(ಆ) ಹೈದರಾಬಾದ್
(ಇ) ಮುಂಬಯಿ
(ಈ) ಮೈಸೂರು

ಅವಸರದಲ್ಲಿ (ಅ) ಅನ್ನುತ್ತೇವೆ. ಸರಿಯುತ್ತರ (ಇ). 1956ರಲ್ಲಿ ಮಹಾರಾಷ್ಟ್ರ ಅನ್ನೋ ರಾಜ್ಯವೇ ಇರಲಿಲ್ಲ. ಮರಾಠಿ ಮತ್ತು ಗುಜರಾತಿ ಪ್ರದೇಶ ಎರಡೂ ಸೇರಿದ ದೊಡ್ಡ ಮುಂಬಯಿ ರಾಜ್ಯ ಇತ್ತು. ಅದು ಒಡೆದು ಮಹಾರಾಷ್ಟ್ರ, ಗುಜರಾತ್ ಆದದ್ದು 1960ರ ಮೇ 1. (ಆ) ಕೂಡ ಆಗೋದಿಲ್ಲ, ಯಾಕಂದ್ರೆ ಹೈದರಾಬಾದ್ ರಾಜ್ಯ ಅದೇ ದಿನ ಮೂರು ಪಾಲಾಯ್ತು: ತೆಲಂಗಾಣ ಆಂಧ್ರಪ್ರದೇಶಕ್ಕೆ, ಮರಾಠವಾಡ ಮುಂಬಯಿಗೆ, ಬೀದರ್-ಗುಲ್ಬರ್ಗಾ-ರಾಯಚೂರು ಕಡೆಯ ಕನ್ನಡ ಭಾಗ ಮೈಸೂರಿಗೆ.

ಇದೇ ಜಾತಿಯ ಪ್ರಶ್ನೆ ನಮ್ಮ ರಾಜ್ಯದ ಹೆಸರಲ್ಲೂ ಬರುತ್ತದೆ. "1956ರಲ್ಲಿ ಕರ್ನಾಟಕ ರಾಜ್ಯ" ಅನ್ನೋ ಹೇಳಿಕೆ ಕೊಟ್ಟರೆ ಹೆಸರಿನ ಮಟ್ಟಿಗೆ ಅದು ತಪ್ಪು. ಆಗ ಅದು ಮೈಸೂರು ರಾಜ್ಯ, ಕರ್ನಾಟಕ ಆದದ್ದು 1973ರ ನವೆಂಬರ್ 1. ಹಾಗಾಗಿ 1953, 1956, 1960, 1973, ಈ ನಾಲ್ಕು ವರ್ಷಗಳನ್ನು ಒಂದೇ ಗೆರೆಯ ಮೇಲೆ ಬರೆದು, ಪ್ರತಿಯೊಂದರ ಕೆಳಗೆ ನಿಮ್ಮ ತಾಲ್ಲೂಕು ಯಾವ ರಾಜ್ಯದಲ್ಲಿತ್ತು ಅಂತ ಬರೆಯಿರಿ. ಅಜ್ಜಂದಿರು ಮನೆಯಲ್ಲಿ ಹೇಳೋ ಮಾತಿಗೂ ಪರೀಕ್ಷೆಯ ಉತ್ತರಕ್ಕೂ ಅಲ್ಲಿ ತಾಳೆ ಸಿಗುತ್ತದೆ.

ಪ್ರಶ್ನೆ 4. ಹೊಂದಿಸಿ ಬರೆಯಿರಿ.
1) ವಿಧಿ 29(1)  2) ವಿಧಿ 30(1)  3) ವಿಧಿ 350ಎ  4) ವಿಧಿ 350ಬಿ
ಕ) ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ
ಖ) ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿ
ಗ) ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು
ಘ) ಭಾಷೆ, ಲಿಪಿ, ಸಂಸ್ಕೃತಿ ಕಾಪಾಡಿಕೊಳ್ಳುವ ಹಕ್ಕು

(ಅ) 1-ಘ, 2-ಗ, 3-ಕ, 4-ಖ
(ಆ) 1-ಗ, 2-ಘ, 3-ಕ, 4-ಖ
(ಇ) 1-ಘ, 2-ಗ, 3-ಖ, 4-ಕ
(ಈ) 1-ಗ, 2-ಘ, 3-ಖ, 4-ಕ

ಸರಿಯುತ್ತರ (ಅ). ನಾವು ನೆನಪಿಡೋದು ಹೀಗೆ: 29 ಕಾಪಾಡು, 30 ಕಟ್ಟು. ಇರೋ ಭಾಷೆ ಕಾಪಾಡೋದು ಮೊದಲು, ಅದಕ್ಕೆ ಶಾಲೆ ಕಟ್ಟೋದು ಆಮೇಲೆ. 350ಎ ಮಗುವಿನದು, 350ಬಿ ಅಧಿಕಾರಿಯದು.

ಈ ನಾಲ್ಕು ವಿಧಿಗಳ ಮೇಲೆ ಹೇಳಿಕೆ ರೂಪದ ಪ್ರಶ್ನೆ ಬಂದರೆ ಗಮನ ಇಡಬೇಕಾದ ಜಾಗ ಇವು. 29 ಮತ್ತು 30 ಮೂರನೇ ಭಾಗದಲ್ಲಿವೆ, ಮೂಲಭೂತ ಹಕ್ಕುಗಳು. 350ಎ, 350ಬಿ ಹದಿನೇಳನೇ ಭಾಗದಲ್ಲಿವೆ, ಮೂಲಭೂತ ಹಕ್ಕುಗಳಲ್ಲ. ಇವೆರಡೂ 1950ರ ಮೂಲ ಸಂವಿಧಾನದಲ್ಲಿ ಇರಲಿಲ್ಲ. ಫಜಲ್ ಅಲಿ ಆಯೋಗದ 1955ರ ವರದಿಯ ನಂತರ ರಾಜ್ಯಗಳ ಗಡಿ ಬದಲಾದಾಗ, ಗಡಿಯಾಚೆ ಉಳಿದ ನಮ್ಮಂಥವರಿಗಾಗಿ 1956ರ 7ನೇ ತಿದ್ದುಪಡಿ ಇವನ್ನು ಸೇರಿಸಿತು. 350ಎ ಹೇಳೋದು ಪ್ರಾಥಮಿಕ ಹಂತ ಮಾತ್ರ. ಹೇಳಿಕೆಯಲ್ಲಿ "ಪ್ರೌಢ ಶಿಕ್ಷಣ" ಅಂತ ಇದ್ದರೆ ತಪ್ಪು. 350ಬಿ ಅಧಿಕಾರಿಯನ್ನು ನೇಮಿಸೋರು ರಾಷ್ಟ್ರಪತಿ. "ರಾಜ್ಯಪಾಲ" ಅಂತ ಇದ್ದರೆ ತಪ್ಪು. ಎ, ಬಿ ಇಲ್ಲದ ಬರಿಯ 350 ಬೇರೆಯೇ. ಅದು ಮೊದಲಿನಿಂದಲೂ ಇದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ.

ಒಂದು ಪ್ರಾಯೋಗಿಕ ಮಾತು. ನೀವು ಕನ್ನಡದಲ್ಲಿ "ವಿಧಿ" ಅಥವಾ "ಅನುಚ್ಛೇದ" ಅಂತ ಓದಿರುತ್ತೀರಿ. ಮರಾಠಿ ಪತ್ರಿಕೆಯಲ್ಲಿ ಅದೇ "ಕಲಮ್", ತೆಲುಗಿನಲ್ಲಿ "ಅಧಿಕರಣ", ಮಲಯಾಳದಲ್ಲಿ "ಅನುಚ್ಛೇದಂ". ನೋಟ್‌ಬುಕ್ಕಿನಲ್ಲಿ ಪರೀಕ್ಷೆಯ ಭಾಷೆಯ ಪದವನ್ನೂ ಪಕ್ಕದಲ್ಲೇ ಬರೆದಿಡಿ. ಗೊತ್ತಿದ್ದ ಉತ್ತರ ಪದ ತಿಳಿಯದೆ ಹೋಗಬಾರದು.

ಪ್ರಶ್ನೆ 5. ಭಾಷಾ ಅಲ್ಪಸಂಖ್ಯಾತರು ಯಾರು ಅಂತ ನಿರ್ಧರಿಸುವಾಗ 30ನೇ ವಿಧಿಯ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಘಟಕ ಯಾವುದು?
(ಅ) ದೇಶ
(ಆ) ರಾಜ್ಯ
(ಇ) ಜಿಲ್ಲೆ
(ಈ) ತಾಲ್ಲೂಕು

ಸರಿಯುತ್ತರ (ಆ). 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೀಗೆ ಹೇಳಿತು. ಇದನ್ನು ನಮ್ಮ ಊರಿಗೆ ಇಟ್ಟು ನೋಡಿ. ಒಂದು ಪಂಚಾಯಿತಿಯಲ್ಲಿ ಕನ್ನಡದವರೇ ಹೆಚ್ಚಿರಬಹುದು, ಆದರೂ ಕೇರಳ ರಾಜ್ಯದ ಲೆಕ್ಕದಲ್ಲಿ ಅವರು ಭಾಷಾ ಅಲ್ಪಸಂಖ್ಯಾತರೇ. ಅದೇ ರೀತಿ ಬೆಳಗಾವಿಯ ಮರಾಠಿಗರು ಕರ್ನಾಟಕದಲ್ಲಿ ಅಲ್ಪಸಂಖ್ಯಾತರು. ನಿಯಮ ಎರಡೂ ಕಡೆಗೆ ಒಂದೇ.

ಕೊನೆಗೆ ಅಂಕದ ಲೆಕ್ಕ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯೋ ಪತ್ರಿಕೆ ಅಂತ ಇಟ್ಟುಕೊಳ್ಳೋಣ. ಏನೂ ಗೊತ್ತಿಲ್ಲದೆ 12 ಪ್ರಶ್ನೆಗೆ ಕುರುಡಾಗಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ಮೂರು ಬಂತು, ಮೂರು ಹೋಯ್ತು, ಕೈಯಲ್ಲಿ ಸೊನ್ನೆ. ಆದರೆ ಪ್ರತಿಯೊಂದರಲ್ಲೂ ಎರಡು ಆಯ್ಕೆ ಖಚಿತವಾಗಿ ಹೊಡೆದುಹಾಕಲು ಬಂದರೆ ಸರಾಸರಿ 6 ಸರಿ, 6 ತಪ್ಪು. ಎರಡು ಕಳೆದು 4 ಅಂಕ ಉಳಿಯುತ್ತದೆ. ನಾಲ್ಕನೇ ಪ್ರಶ್ನೆಯಲ್ಲಿ "350ಎ ಅಂದ್ರೆ ಪ್ರಾಥಮಿಕ ಶಿಕ್ಷಣ" ಅಂತ ಒಂದೇ ಗೊತ್ತಿದ್ದರೂ (ಇ), (ಈ) ಎರಡೂ ಬಿದ್ದುಹೋಗುತ್ತಿದ್ದವು. ತಪ್ಪು ಆಯ್ಕೆಗಳನ್ನೂ ಓದಬೇಕು ಅಂತ ನಾವು ಹೇಳೋದು ಇದಕ್ಕೇ. ಕಳೆಯೋ ಅಂಕ ಎಷ್ಟು ಅಂತ ನಿಮ್ಮ ಪರೀಕ್ಷೆಯ ಅಧಿಸೂಚನೆಯಲ್ಲಿ ಮೊದಲೇ ನೋಡಿಕೊಳ್ಳಿ, ಲೆಕ್ಕ ಅದರ ಮೇಲೆ ನಿಂತಿದೆ.

ಮುಂದಿನ ವಾರಕ್ಕೆ ಮನೆಗೆಲಸ: ಇವತ್ತಿನ ತಪ್ಪು ಆಯ್ಕೆಗಳಿಂದ ನೀವೇ ಐದು ಹೊಸ ಪ್ರಶ್ನೆ ಮಾಡಿ ತನ್ನಿ. ಒಂದನ್ನು ನಾವೇ ಶುರು ಮಾಡಿಕೊಡುತ್ತೇವೆ: 1953ರಲ್ಲಿ ಆಂಧ್ರ ರಾಜ್ಯದ ರಾಜಧಾನಿ ಯಾವುದು? ಉತ್ತರ ಮೇಲೆ ಇದೆ, ನಾಲ್ಕು ಆಯ್ಕೆ ನೀವು ಕಟ್ಟಿ.