ಊಟ, ನಡಿಗೆ, ಮಾತ್ರೆ: ಮಧುಮೇಹಿಗಳು ಕೊಬ್ಬು ಇಳಿಸುವಾಗ ಗಮನಿಸಬೇಕಾದದ್ದು

(ಬಿಳಗಿಯಲ್ಲಿ ಗ್ರಾಮ ಪಂಚಾಯತ್ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಎರಡನೆಯ ವಿಧದ ಮಧುಮೇಹವು ಸಕ್ಕರೆ ತಿಂದದ್ದರಿಂದಲೇ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳಲ್ಲಿ ಸೇರಿಕೊಂಡ ಕೊಬ್ಬು ಇನ್ಸುಲಿನ್ನಿನ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನು ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಈ ಕೊಬ್ಬಿನ ಸುಳಿವು ಸೊಂಟದ ಸುತ್ತಳತೆಯಲ್ಲಿ ಸಿಗುತ್ತದೆ. ನಮ್ಮ ದೇಶದಲ್ಲಿ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು.

ಅಲ್ಲಿಯೇ 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ, ವೈದ್ಯರ ನಿಗಾದಲ್ಲಿ ಮಿತಾಹಾರದಿಂದ ತೂಕ ಇಳಿಸಿದ ಗುಂಪಿನ ಶೇ. 46ರಷ್ಟು ಮಂದಿಯ ಮಧುಮೇಹ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಹತೋಟಿಗೆ ಬಂದಿತ್ತು. ಅವರೆಲ್ಲರೂ ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರು. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಸೇರಿಸಿಕೊಂಡಿರಲಿಲ್ಲ. ಆಹಾರ ಕಡಿತ ಆರಂಭಿಸಿದ ದಿನವೇ ವೈದ್ಯರು ಅವರ ಮಧುಮೇಹದ ಮಾತ್ರೆಗಳನ್ನು ನಿಲ್ಲಿಸಿದ್ದರು. ಪತ್ರಿಕೆಗಳಲ್ಲಿ ಈ ಸುದ್ದಿ ಓದಿದವರು ಸಾಮಾನ್ಯವಾಗಿ ಮರೆಯುವುದು ಈ ಕೊನೆಯ ಅಂಶವನ್ನೇ. ಊಟ ಬದಲಾದರೆ ಮಾತ್ರೆಯೂ ಬದಲಾಗಬೇಕಾಗಬಹುದು. ಆ ನಿರ್ಧಾರ ಮಾತ್ರ ವೈದ್ಯರದು.

ಉದಾಹರಣೆಗಾಗಿ ನಮ್ಮ ಸೀಮೆಯ 55 ವರ್ಷದ ಅಡಿಕೆ ಬೆಳೆಗಾರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ತೂಕ 78 ಕಿಲೋ, ಸೊಂಟ 98 ಸೆಂಟಿಮೀಟರ್. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎಂಬ ಎರಡು ಮಾತ್ರೆ ನುಂಗುತ್ತಾರೆ. ಬೆಳಿಗ್ಗೆ ನಾಲ್ಕು ದೋಸೆ, ಜೋನಿಬೆಲ್ಲ. ಮಧ್ಯಾಹ್ನ ಮೂರು ಬಟ್ಟಲು ಅನ್ನ. ಸಂಜೆ ಸಕ್ಕರೆ ಚಹಾ, ಅವಲಕ್ಕಿ. ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ, ಕೂಡಲೇ ನಿದ್ರೆ. ಬೆಲ್ಲ ನಮ್ಮದೇ ಆಲೆಮನೆಯದು, ಅಪಾಯವಿಲ್ಲ ಎಂಬುದು ಅವರ ವಾದ. ಜೋನಿಬೆಲ್ಲವೂ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಆ ಭೇದ ತಿಳಿಯದು.

ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ ಅನ್ನದಲ್ಲಿ 40 ಗ್ರಾಂನಷ್ಟು ಪಿಷ್ಟವಿರುತ್ತದೆ. ಹೊಟ್ಟು ಉಳಿದ ಕೆಂಪಕ್ಕಿ ಮತ್ತು ಕುಚ್ಚಲಕ್ಕಿ, ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಸಾಮಾನ್ಯವಾಗಿ ನಿಧಾನವಾಗಿ ಜೀರ್ಣವಾಗುತ್ತವೆ. ಆದರೆ ಕೆಂಪಕ್ಕಿಯೆಂದು ಮೂರು ಬಟ್ಟಲು ಉಂಡರೆ ಲಾಭ ಉಳಿಯದು. ರಾಗಿಯೂ ಹಾಗೆಯೇ: ನುಣ್ಣಗೆ ಬೀಸಿ ಅಂಬಲಿ ಕಾಸಿದರೆ ಬೇಗ ಸಕ್ಕರೆಯಾಗುತ್ತದೆ. ನಮ್ಮ ಬೆಳೆಗಾರರು ಅನ್ನವನ್ನು ಒಂದು ಬಟ್ಟಲಿಗೆ ಇಳಿಸಿ, ತೆರವಾದ ಜಾಗವನ್ನು ಹೆಸರುಕಾಳು, ಸೊಪ್ಪಿನ ಪಲ್ಯ, ತಂಬುಳಿಗಳಿಂದ ತುಂಬಿಸಿಕೊಳ್ಳಲಿ. ಮೊದಲು ಪಲ್ಯ, ಕಾಳು, ಆಮೇಲೆ ಅನ್ನ. ರಾತ್ರಿಯೂಟ ಏಳೂವರೆಗೆ ಆದರೆ ನಡೆಯುವುದಕ್ಕೆ ಸಮಯ ಸಿಗುತ್ತದೆ.

ನಡೆಯಲು ಮುಂಜಾನೆಯೇ ಬೇಕೆಂದಿಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆ ಶೇ. 12ರಷ್ಟು ಕಡಿಮೆಯಿತ್ತು, ರಾತ್ರಿಯೂಟದ ನಂತರ ಶೇ. 22ರಷ್ಟು. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ಜಗುಲಿಯೇ ಸಾಕು. ಹೊರಗೆ ಹೋಗುವವರು ಚಪ್ಪಲಿ ಮೆಟ್ಟಿಯೇ ಹೋಗಬೇಕು, ಮಲಗುವ ಮೊದಲು ಅಂಗಾಲು ನೋಡಿಕೊಳ್ಳಬೇಕು. ಸ್ಪರ್ಶ ಕುಂದಿದ ಕಾಲಿಗೆ ಮುಳ್ಳಾಗಲಿ ಉಂಬಳವಾಗಲಿ ಕಚ್ಚಿದ್ದು ತಿಳಿಯದೆ ಗಾಯ ಕೊಳೆಯುತ್ತದೆ.

ಎರಡು ವಾರದಲ್ಲಿ ನಮ್ಮ ಬೆಳೆಗಾರರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ತೋಟದಲ್ಲಿ ಬೆವರು, ಕೈನಡುಕ, ಕಣ್ಣು ಮಂಜು. ಮನೆಯವರು ನಿಶ್ಶಕ್ತಿಯೆನ್ನುತ್ತಾರೆ. ನಿಜವಾಗಿ ಇದು ಗ್ಲಿಮೆಪಿರೈಡ್ ಹಳೆಯ ಪ್ರಮಾಣದಲ್ಲಿಯೇ ಮುಂದುವರಿದು, ಊಟ ಕಡಿಮೆಯಾಗಿ, ಸಕ್ಕರೆ 70ಕ್ಕಿಂತ ಕೆಳಗಿಳಿದ ಸ್ಥಿತಿ. ಕೂಡಲೇ ಕುಳ್ಳಿರಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಮರುದಿನವೇ ವೈದ್ಯರಲ್ಲಿ ಹೋಗಿ ಮಾತ್ರೆಯ ಪ್ರಮಾಣ ಇಳಿಸಿಕೊಳ್ಳಬೇಕು. ಇನ್ಸುಲಿನ್ ಪಡೆಯುವವರಿಗೂ ಇದೇ ಅಪಾಯವಿದೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಇದು ಅಪರೂಪ. ಆದ್ದರಿಂದ ಊಟ ಬದಲಿಸುವ ಮೊದಲೇ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕಾಣುವುದು ಸರಿಯಾದ ಕ್ರಮ.

ವಾರಕ್ಕೆ ಅರ್ಧ ಕಿಲೋದಂತೆ ಇಳಿದರೆ ಸಾಕು. ಊಟ ಎಂದಿನಂತೆಯೇ ಇದ್ದು, ಬಾಯಾರಿಕೆ, ಪದೇ ಪದೇ ಮೂತ್ರದೊಂದಿಗೆ ತೂಕ ತಾನಾಗಿ ಇಳಿಯುತ್ತಿದ್ದರೆ ಅದು ಸುಧಾರಣೆಯಲ್ಲ, ಸಕ್ಕರೆ ಕೈಮೀರಿದ ಲಕ್ಷಣ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಸದಸ್ಯರಲ್ಲಿ ಎರಡು ವಿನಂತಿ. ತಮ್ಮ ವಾರ್ಡಿನ 30 ವರ್ಷ ಮೀರಿದವರು ಆಶಾ ಕಾರ್ಯಕರ್ತೆಯರ ಮೂಲಕ ತಪಾಸಣೆಗೆ ಒಳಗಾಗಿದ್ದಾರೆಯೇ ಎಂದು ವಿಚಾರಿಸಿರಿ. ರಾತ್ರಿಯೂಟದ ನಂತರ ಜನ ನಡೆದಾಡಬಹುದಾದ ಕೇರಿಗಳಲ್ಲಿ ಕೆಟ್ಟಿರುವ ಬೀದಿದೀಪಗಳ ಪಟ್ಟಿಯನ್ನು ಮುಂದಿನ ಸಭೆಗೆ ತನ್ನಿರಿ.